ಖಾಲಿ ಹೊಟ್ಟೆಗೆ ಚಹಾ, ಕಾಫಿ, ಅಂಬಲಿ: ಕುಡಿದು ನೋಡಿದ ಹೋಲಿಕೆ

ಬಾಗಲಕೋಟೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂವರೆಗೇ ಚಹಾದ ಪಾತ್ರೆ ಒಲೆಗೇರುತ್ತದೆ. ಪುಡಿ ಕುದಿದು ಕುದಿದು ನೀರು ಕಪ್ಪಗಾಗಿ, ಹಾಲು ಬಿದ್ದ ಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ಮಾತ್ರ ಅದು ನಮಗೆ ಚಹಾ. ಅದನ್ನು ಕುಡಿದ ಒಂದು ತಾಸಿಗೆ ನನಗೆ ಎದೆಯುರಿ, ಹುಳಿತೇಗು ಶುರುವಾಗುತ್ತಿತ್ತು. ಯಾವುದು ಹೊಟ್ಟೆಗೆ ಒಗ್ಗುತ್ತದೆ ಎಂದು ತಿಳಿಯಲು ಒಂದೊಂದನ್ನೂ ಎರಡು ವಾರ ಕುಡಿದು ನೋಡಿದೆ. ರಾತ್ರಿ ಎಂಟರ ಊಟವನ್ನು ಮಾತ್ರ ಬದಲಿಸಲಿಲ್ಲ. ತಡವಾಗಿ ಉಂಡು ಮಲಗಿದರೂ ಎದೆ ಉರಿಯುತ್ತದೆ, ಆಗ ತಪ್ಪು ಯಾರದೆಂದು ತಿಳಿಯುವುದಿಲ್ಲ.

ಖಡಕ್ ಚಹಾ ಕುಡಿದ ದಿನಗಳಲ್ಲಿ ಉರಿಗಿಂತ ಓಕರಿಕೆಯೇ ಹೆಚ್ಚು. ಹೆಚ್ಚು ಕುದಿಸಿದಷ್ಟೂ ಪುಡಿಯಿಂದ ಒಗರಿನ ಟ್ಯಾನಿನ್ ಇಳಿಯುತ್ತದೆ, ಖಾಲಿ ಹೊಟ್ಟೆಯನ್ನು ಕಲಕುವುದು ಅದೇ. ಎರಡೇ ನಿಮಿಷ ಕುದಿಸಿದಾಗ ಓಕರಿಕೆ ಬಹುಪಾಲು ಹೋಯಿತು, ಉರಿ ಪೂರ್ತಿ ಹೋಗಲಿಲ್ಲ.

ಕಾಫಿ ನನಗೆ ಇನ್ನೂ ಕಠಿಣವಾಯಿತು. ಕಾಫಿ ಹೊಟ್ಟೆಯಲ್ಲಿ ಆಮ್ಲ ಸ್ರವಿಸುವಂತೆ ಪ್ರಚೋದಿಸುತ್ತದೆ. ಕೆಫೀನ್ ತೆಗೆದ ಕಾಫಿಯೂ ಹಾಗೆಯೇ ಮಾಡುತ್ತದೆ. ಅನ್ನನಾಳದ ಕೆಳತುದಿಯಲ್ಲಿರುವ ಬಿಗಿ ಸ್ನಾಯುವನ್ನು ಸಡಿಲಿಸಿ, ಆ ಹುಳಿ ಮೇಲೇರಲು ದಾರಿಯನ್ನೂ ಮಾಡಬಲ್ಲದು. ಎಲ್ಲರಿಗೂ ಹೀಗಾಗುವುದಿಲ್ಲ, ನನ್ನ ತಮ್ಮ ದಿನಕ್ಕೆ ಮೂರು ಲೋಟ ಕುಡಿದು ಆರಾಮವಾಗಿದ್ದಾನೆ.

ಬರೀ ಹಾಲು ಮೋಸ ಮಾಡಿತು. ಮೊದಲ ಅರ್ಧ ತಾಸು ತಂಪು, ಆಮೇಲೆ ಮತ್ತೆ ಉರಿ. ಹಾಲಿನ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಸಹ ಆಮ್ಲವನ್ನು ಹೆಚ್ಚಿಸುತ್ತವೆ. ಜೀರಿಗೆ-ಕೊತ್ತಂಬರಿ ಬೀಜದ ಕಷಾಯ ಹೊಟ್ಟೆಗೆ ಹಗುರವಾಗಿತ್ತು, ಆದರೆ ಹಸಿವು ತಣಿಯಲಿಲ್ಲ.

ನನಗೆ ಒಗ್ಗಿದ್ದು ಜೋಳದ ಅಂಬಲಿ. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಸುರಿದು, ಹತ್ತು ನಿಮಿಷ ಕೈಯಾಡಿಸುತ್ತೇನೆ. ಹಸಿ ವಾಸನೆ ಹೋಗಿ ಗಂಜಿ ಹೊಳಪಾದರೆ ಬೆಂದಿದೆ ಎಂದರ್ಥ. ಆರಿದ ಮೇಲೆ ಮಜ್ಜಿಗೆ, ಚಿಟಿಕೆ ಉಪ್ಪು. ಮೊದಲ ಮೂರು ದಿನ ಇದರಿಂದಲೂ ಉರಿಯಾಯಿತು. ಕಾರಣ ಹುಳಿ ಮಜ್ಜಿಗೆ. ಅವ್ವ ಅದೇ ದಿನ ಕಡೆದ ಮಜ್ಜಿಗೆ ಹಾಕಿಕೊಟ್ಟ ಮೇಲೆ ಸರಿಹೋಯಿತು.

ಚಹಾ ಬಿಟ್ಟಿಲ್ಲ. ಅಂಬಲಿ ಕುಡಿದು ಮುಕ್ಕಾಲು ತಾಸಿನ ನಂತರ, ಕಡಿಮೆ ಕುದಿಸಿದ ಅರ್ಧ ಲೋಟ ಕುಡಿಯುತ್ತೇನೆ. ವಾರದಲ್ಲಿ ಐದಾರು ದಿನ ಕಾಡುತ್ತಿದ್ದ ಉರಿ ಈಗ ಒಂದು ದಿನಕ್ಕೆ ಇಳಿದಿದೆ.

ಆದರೆ ನುಂಗಲು ಕಷ್ಟವಾದರೆ, ಮಲ ಕಪ್ಪಗಾದರೆ, ಕಾರಣವಿಲ್ಲದೆ ತೂಕ ಇಳಿದರೆ ಅಂಬಲಿ ಕುಡಿಯುತ್ತ ಕೂರದೆ ವೈದ್ಯರ ಬಳಿ ಹೋಗಬೇಕು. ಎದೆ ಬಿಗಿದು ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಿದರೆ ಅದನ್ನು ಆ್ಯಸಿಡಿಟಿ ಎಂದುಕೊಳ್ಳದೆ ತಕ್ಷಣ ಆಸ್ಪತ್ರೆ ಸೇರಬೇಕು.