ನಾಲ್ಕು ವರ್ಷ ರೆಡಿಸ್ ಬಳಸಿದ ಮೇಲೆ: ಮೆಮೊರಿ ತುಂಬಿದ ಆ ಸಂಜೆ

ಪುಣೆಯಲ್ಲಿ ಮನೆಯೂಟದ ಡಬ್ಬಾ ಮತ್ತು ಸಿಹಿತಿಂಡಿ ತರಿಸಿಕೊಳ್ಳುವ ಒಂದು ಸಣ್ಣ ಆ್ಯಪ್‌ನ ಹಿಂಬದಿಯ ಕೆಲಸ ನನ್ನದು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮುಂದೆ ರೆಡಿಸ್ ಕ್ಯಾಶ್ ಇಟ್ಟು ನಾಲ್ಕು ವರ್ಷವಾಯಿತು. ವೇಗದ ವಿಷಯದಲ್ಲಿ ನನಗೆ ದೂರಿಲ್ಲ. ಮೆಮೊರಿ ಮಿತಿ ಮುಟ್ಟಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ಮೂರನೇ ವರ್ಷದ ಗಣೇಶ ಚೌತಿಯ ಹಿಂದಿನ ಸಂಜೆಯವರೆಗೂ ನಾನು ಸರಿಯಾಗಿ ತಿಳಿದುಕೊಂಡಿರಲಿಲ್ಲ.

ಮೋದಕದ ಆರ್ಡರ್‌ಗಳು ಜೋರಾಗಿದ್ದ ಹೊತ್ತು. ವಿಜಯಪುರದ ಕಿರಿಯ ಸಹೋದ್ಯೋಗಿ ಓಡಿಬಂದು, "ಅಕ್ಕಾರ, ಡೇಟಾಬೇಸಿಗೆ ಏನೋ ಆಗೇದ ನೋಡ್ರಿ, ಕನೆಕ್ಷನ್ ಎಲ್ಲಾ ತುಂಬ್ಯಾವ" ಎಂದ. ನಾನು ಮೊದಲು ನೋಡಿದ್ದು ರೆಡಿಸ್‌ನ ಮೆಮೊರಿ ಗ್ರಾಫ್. 2 ಜಿಬಿಯ ಮಿತಿಗೆ ತಾಗಿ ನೇರ ಗೆರೆ ಎಳೆದಂತೆ ನಿಂತಿತ್ತು. ಏರಿಳಿತವಿಲ್ಲವೆಂದ ಮೇಲೆ ಇಲ್ಲೇನೂ ತೊಂದರೆಯಿಲ್ಲ ಎಂದುಕೊಂಡು ಅರ್ಧ ಗಂಟೆ ಪೋಸ್ಟ್‌ಗ್ರೆಸ್‌ನಲ್ಲೇ ಹುಡುಕಿದೆವು. ತಪ್ಪಿದ್ದು ಅಲ್ಲೇ. ಮಿತಿ ಮುಟ್ಟಿದ ರೆಡಿಸ್‌ನಲ್ಲಿ ಆ ಗೆರೆ ಯಾವಾಗಲೂ ಸಮತಟ್ಟೇ, ಏಕೆಂದರೆ ಒಂದು ಕೀ ಒಳಗೆ ಬಂದಂತೆಲ್ಲ ಇನ್ನೊಂದು ಹೊರಗೆ ಹೋಗುತ್ತಿರುತ್ತದೆ. ನೋಡಬೇಕಾದದ್ದು `INFO stats` ಕೊಡುವ `evicted_keys`. ಅದು ಸರ್ವರ್ ಶುರುವಾದಾಗಿನಿಂದ ಕೂಡುತ್ತಾ ಬರುವ ಲೆಕ್ಕ. ಹಾಗಾಗಿ ಒಂದು ನಿಮಿಷ ಬಿಟ್ಟು ಎರಡು ಸಲ ಓದಿ ವ್ಯತ್ಯಾಸ ನೋಡಬೇಕು. ಅವಧಿ ಮುಗಿದು ಹೋದ ಕೀಗಳದ್ದು `expired_keys` ಎಂಬ ಬೇರೆ ಲೆಕ್ಕ, ಅದು ಸಹಜವಾದದ್ದು.

ಹೊರಗೆ ಹೋಗುತ್ತಿರುವುದು ಯಾವ ಕೀಗಳು ಎಂದು ರೆಡಿಸ್ ತಾನಾಗಿ ಹೇಳುವುದಿಲ್ಲ. ಐದು ನಿಮಿಷದ ಮಟ್ಟಿಗೆ ಹೀಗೆ ಕೇಳಿಸಿಕೊಂಡೆವು:

```
redis-cli CONFIG SET notify-keyspace-events Ee
redis-cli PSUBSCRIBE '__keyevent@0__:evicted'
```

ಪರದೆಯ ಮೇಲೆ `menu:` ಕೀಗಳು ಸಾಲುಸಾಲಾಗಿ ಉರುಳಿದವು. ನಮಗೆ ಅತ್ಯಂತ ಬೇಕಾದವು ಅವೇ. ಅವನ್ನು ತಳ್ಳುತ್ತಿದ್ದದ್ದು ನಾವೇ ಆ ವಾರ ಸೇರಿಸಿದ ಹುಡುಕಾಟದ ಕ್ಯಾಶ್. ಗ್ರಾಹಕರು ನಿಂತ ಜಾಗದ ಅಕ್ಷಾಂಶ ರೇಖಾಂಶಗಳನ್ನು ಆರು ದಶಮಾಂಶದವರೆಗೆ ಕೀಯಲ್ಲಿ ಬರೆದಿದ್ದೆವು. ಕೊಥರೂಡ್‌ನಲ್ಲಿ ಒಂದೇ ಕಟ್ಟಡದ ಇಬ್ಬರು "ಮೋದಕ" ಎಂದು ಹುಡುಕಿದರೂ ಎರಡು ಬೇರೆ ಕೀ. ಒಂದೊಂದು ಸುಮಾರು 6 ಕೆಬಿ, ಅಂಥವು 3 ಲಕ್ಷ ಸೇರಿದರೆ 1.8 ಜಿಬಿ. ನಾವು ಇಟ್ಟಿದ್ದ ನೀತಿ `allkeys-lru`. ಇತ್ತೀಚೆಗೆ ಮುಟ್ಟದ ಕೀ ಮೊದಲು ಹೋಗಬೇಕೆಂಬುದು ಅದರ ನಿಯಮ. ಮತ್ತೆಂದೂ ಯಾರೂ ಕೇಳದ ಹುಡುಕಾಟದ ಕೀ ಈಗಷ್ಟೇ ಹುಟ್ಟಿದ್ದರಿಂದ ಉಳಿಯಿತು. ಹತ್ತು ನಿಮಿಷದಿಂದ ಯಾರೂ ತೆರೆಯದ ಮೆನು ಹೋಯಿತು.

ಇದು ಡೇಟಾಬೇಸನ್ನು ಮುಳುಗಿಸಿದ ಲೆಕ್ಕ ಇಷ್ಟು. ಸೆಕೆಂಡಿಗೆ 500 ಮೆನು ಕೋರಿಕೆ ಬರುತ್ತಿದ್ದವು. 96% ಕ್ಯಾಶ್‌ನಲ್ಲೇ ಸಿಕ್ಕಾಗ ಪೋಸ್ಟ್‌ಗ್ರೆಸ್‌ಗೆ ಹೋಗುವುದು 20. ಅದು 80%ಕ್ಕೆ ಇಳಿದಾಗ 100. ಕ್ಯಾಶ್‌ನ ಕಡೆಯಿಂದ ಹದಿನಾರು ಅಂಕದ ಇಳಿಕೆ, ಡೇಟಾಬೇಸ್‌ನ ಕಡೆಯಿಂದ ಐದು ಪಟ್ಟು ಭಾರ. ಬೆಲೆ, ದಾಸ್ತಾನು ಎಲ್ಲ ಜೋಡಿಸುವ ಆ ಕ್ವೆರಿಗೆ 200 ಮಿಲಿಸೆಕೆಂಡ್ ಬೇಕು. ಅಂದರೆ 4 ಕನೆಕ್ಷನ್ ಸಾಕಾಗಿದ್ದ ಕಡೆ ಈಗ 20. ಭಾರಕ್ಕೆ ಕ್ವೆರಿಯೇ ಒಂದು ಸೆಕೆಂಡ್ ತೆಗೆದುಕೊಳ್ಳತೊಡಗಿತು, 100 ಕನೆಕ್ಷನ್ ಬೇಕಾಯಿತು. ನಮ್ಮ ಮಿತಿ ಅಷ್ಟೇ ಇತ್ತು. ಸಾಲದ್ದಕ್ಕೆ, ಹೆಸರಾದ ಅಂಗಡಿಯೊಂದರ ಮೆನು ಮಾಯವಾದರೆ ಒಂದೇ ಗಳಿಗೆಯಲ್ಲಿ ಹತ್ತಾರು ಜನರ ಪರವಾಗಿ ಅದೇ ಕ್ವೆರಿ ಹೊರಡುತ್ತಿತ್ತು. ತಂದ ಉತ್ತರವನ್ನು ಮತ್ತೆ ಬರೆದರೆ ಇನ್ನೊಂದು ಕೀ ಹೊರಗೆ. ಹೀಗೆ ಅದು ತನ್ನನ್ನು ತಾನೇ ಬೆಳೆಸಿಕೊಂಡಿತು.

ಆ ರಾತ್ರಿ ಹುಡುಕಾಟದ ಕ್ಯಾಶ್ ನಿಲ್ಲಿಸಿ, ಯಂತ್ರದಲ್ಲಿ ಜಾಗವಿದ್ದದ್ದರಿಂದ `maxmemory` ಅನ್ನು 3 ಜಿಬಿಗೆ ಏರಿಸಿದೆವು. ಅದು ಉಸಿರಾಡಲು ಸಿಕ್ಕ ಸಮಯ, ಅಷ್ಟೇ. ಹೊಸ ಕೀಗಳು ಅದೇ ವೇಗದಲ್ಲಿ ಬಂದಿದ್ದರೆ ಅದೂ ತುಂಬುತ್ತಿತ್ತು. ಹಬ್ಬ ಮುಗಿದ ಮೇಲೆ ಜಾಗದ ಅಂಕಿಗಳನ್ನು ಎರಡು ದಶಮಾಂಶಕ್ಕೆ, ಅಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರಿಗೆ, ಇಳಿಸಿದೆವು. ಮೆನು ತರುವ ಮುಂಚೆ `SET lock:menu:412 1 NX PX 3000` ಎಂದು ಬೀಗ ಹಾಕುವುದನ್ನು ಸೇರಿಸಿದೆವು. ಬೀಗ ಸಿಕ್ಕವರು ಮಾತ್ರ ಡೇಟಾಬೇಸ್‌ಗೆ ಹೋಗುತ್ತಾರೆ, ಉಳಿದವರು 50 ಮಿಲಿಸೆಕೆಂಡ್ ತಡೆದು ಮತ್ತೆ ಕ್ಯಾಶ್ ನೋಡುತ್ತಾರೆ. ನೀತಿಯನ್ನು, ಕಡಿಮೆ ಸಲ ಕೇಳಿದ ಕೀಯನ್ನು ಮೊದಲು ಹೊರಹಾಕುವ `allkeys-lfu`ಗೆ ಬದಲಿಸಿದ್ದು ಒಂದು ನಸುಕಿನಲ್ಲಿ, ಬೇಕೆಂದೇ. ಎರಡೂ ನೀತಿಗಳು ಪ್ರತಿ ಕೀಯ ಅದೇ 24 ಬಿಟ್‌ಗಳನ್ನು ಬಳಸುತ್ತವೆ. ಹಾಗಾಗಿ ಬದಲಿಸಿದ ಸ್ವಲ್ಪ ಹೊತ್ತು ಹಳೆಯ ಕೀಗಳ ಎಣಿಕೆಗೆ ಅರ್ಥವಿರುವುದಿಲ್ಲ. ಬಿರುಗಾಳಿಯ ನಡುವೆ ಇದನ್ನು ಮಾಡಬೇಡಿ.

ನನ್ನ ನಿಜವಾದ ಆಕ್ಷೇಪ ಒಂದೇ. ಹೊರಹಾಕುವ ನೀತಿ ಇಡೀ ಸರ್ವರ್‌ಗೆ ಒಂದೇ. 0, 1 ಎಂದು ಡೇಟಾಬೇಸ್ ಸಂಖ್ಯೆ ಬೇರೆ ಮಾಡಿದರೂ ಮೆಮೊರಿ ಹಂಚಿಕೆಯಾಗುವುದಿಲ್ಲ. ಮೆನುವಿಗೆ ಇಷ್ಟು, ಹುಡುಕಾಟಕ್ಕೆ ಇಷ್ಟು ಎಂದು ಕಟ್ಟಿಡಬೇಕಾದರೆ ಎರಡು ರೆಡಿಸ್ ನಡೆಸಲೇಬೇಕು. ನಾವು ಈಗ ಹಾಗೇ ನಡೆಸುತ್ತಿದ್ದೇವೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಚೌತಿಯ ಸಂಜೆ ಹುಡುಕಾಟದ ರೆಡಿಸ್ ಮತ್ತೆ ತುಂಬಿತು, ಮೆನುವಿನ ಕಡೆ `evicted_keys` ಒಂದೂ ಏರಲಿಲ್ಲ.