ಬಾಟಲಿಯೋ ಆಲಿಕೆಯೋ: ಒಂದು ಮಳೆಗಾಲದ ಅಳತೆ

"ಈ ಸಲ ಮಳೆ ಕಡಿಮೆ ಮಾರಾಯ್ರೆ." ಆಟಿ ತಿಂಗಳಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ ಉಡುಪಿಯಲ್ಲಿ ಈ ಮಾತು ಶುರು. ಅಳೆದೇ ನೋಡೋಣ ಅಂತ ಎರಡು ಬಗೆಯ ಮಳೆಮಾಪಕ ಮಾಡಿ, ಒಂದು ಮಳೆಗಾಲ ಪೂರ್ತಿ ಅಂಗಳದಲ್ಲಿಟ್ಟೆ.

ಮೊದಲನೆಯದು ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ. ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಒಳಗೆ ಕೂರಿಸಿದೆ. ತಳ ಉಬ್ಬುತಗ್ಗು, ಹಾಗಾಗಿ ಗೋಡೆ ನೇರವಾಗುವ ತನಕ ನೀರು ತುಂಬಿಸಿ ಅಲ್ಲಿ ಸೊನ್ನೆಯ ಗೆರೆ ಎಳೆದೆ. ನೀರು ಒಂದು ಮಿಲಿಮೀಟರ್ ಏರಿದರೆ ಒಂದು ಮಿಲಿಮೀಟರ್ ಮಳೆ. ಲೆಕ್ಕವೇ ಬೇಡ. ಆದರೆ ನೇರ ಗೋಡೆ ಇದ್ದದ್ದು 15 ಸೆಂಟಿಮೀಟರ್ ಮಾತ್ರ. ಜುಲೈಯ ಒಂದು ರಾತ್ರಿ ತುಂಬಿ ಹರಿಯಿತು, ಆ ದಿನದ ಲೆಕ್ಕ ಹೋಯಿತು. ತುಂತುರು ಮಳೆಯಲ್ಲಂತೂ ಒಂದೋ ಎರಡೋ ಅಂತ ಕಣ್ಣು ಕಿರಿದು ಮಾಡಿ ನೋಡಬೇಕು.

ಎರಡನೆಯದು ಐದು ಲೀಟರಿನ ಕ್ಯಾನ್, ಬಾಯಿಗೆ ದೊಡ್ಡ ಆಲಿಕೆ. ಬೆಳಗ್ಗೆ ನೀರನ್ನು ಅಳತೆ ಜಾರಿಗೆ ಸುರಿದು, ಮಿಲಿಲೀಟರನ್ನು ಚದರ ಸೆಂಟಿಮೀಟರಿನಲ್ಲಿ ಆಲಿಕೆ ಬಾಯಿಯ ವಿಸ್ತೀರ್ಣದಿಂದ ಭಾಗಿಸಿ ಹತ್ತರಿಂದ ಗುಣಿಸಬೇಕು. ಒಂದು ಮಿಲಿಮೀಟರ್ ಮಳೆಗೆ ಹದಿನಾರು ಹದಿನೇಳು ಮಿಲಿಲೀಟರ್ ನೀರು ಸಿಗುತ್ತದೆ, ಹಾಗಾಗಿ ಸಣ್ಣ ಮಳೆಯೂ ತಪ್ಪುವುದಿಲ್ಲ.

ನಾನು ಎಡವಿದ್ದು ಇಲ್ಲೇ. ಆಲಿಕೆಯ ವ್ಯಾಸವನ್ನು ಹೊರ ಅಂಚಿನಿಂದ ಅಳೆದೆ, 15 ಸೆಂಟಿಮೀಟರ್. ಮಳೆ ಬೀಳುವುದು ಒಳ ಅಂಚಿನೊಳಗೆ, ಅದು 14.5. ಒಂದು ದಿನ ಸಿಕ್ಕ 1,450 ಮಿಲಿಲೀಟರ್ ನನ್ನ ಲೆಕ್ಕದಲ್ಲಿ 82 ಮಿಲಿಮೀಟರ್ ಆಯಿತು. ಸರಿಯಾದದ್ದು 88. ಪಕ್ಕದ ಬಾಟಲಿ ದಿನವೂ ಜಾಸ್ತಿ ತೋರಿಸುತ್ತಿದ್ದರಿಂದಲೇ ಅನುಮಾನ ಬಂತು. ಒಂದೇ ಇಟ್ಟಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಶೇ. 7ರಷ್ಟು ತಪ್ಪು ಸಣ್ಣದಲ್ವಾ ಅನ್ನಬಹುದು. ಆದರೆ 2023ರಲ್ಲಿ ಇಡೀ ದೇಶದ ಮುಂಗಾರು ಸರಾಸರಿಗಿಂತ ಕಡಿಮೆಯಾದದ್ದೇ ಶೇ. 6. ಅದು ಎಲ್ ನಿನೊ ವರ್ಷ. ಪೆಸಿಫಿಕ್ ಸಾಗರದ ಬಿಸಿ ನೀರು ಪೂರ್ವಕ್ಕೆ ಸರಿದಾಗ ಗಾಳಿ ಮೇಲೇಳುವ ಜಾಗವೂ ಅತ್ತ ಸರಿಯುತ್ತದೆ. ನಮ್ಮ ಕಡೆ ಗಾಳಿ ಕೆಳಗಿಳಿಯುವುದು ಹೆಚ್ಚಾಗಿ ಮೋಡ ಬೆಳೆಯುವುದು ಕಷ್ಟವಾಗುತ್ತದೆ. ಹಾಗಂತ ಎಲ್ ನಿನೊ ಬಂದರೆ ಬರ ಅಂತ ಬರೆದಿಟ್ಟುಕೊಳ್ಳಬೇಡಿ. 1997ರದ್ದು ಭಾರೀ ಎಲ್ ನಿನೊ, ಆದರೂ ದೇಶದ ಮಳೆ ಸರಾಸರಿಗಿಂತ ತುಸು ಹೆಚ್ಚೇ ಇತ್ತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿದ್ದದ್ದು ನೆರವಾಯಿತು ಅನ್ನುತ್ತಾರೆ. ನಮ್ಮ ಕರಾವಳಿಗಂತೂ ಘಟ್ಟದ ಗೋಡೆ ಇದೆ. ಕಡಲ ಗಾಳಿ ಅದನ್ನು ಹತ್ತುವಾಗ ಮಳೆ ಸುರಿಯಲೇಬೇಕು, ಹಾಗಾಗಿ ದೇಶದ ಲೆಕ್ಕವೂ ನಮ್ಮ ಅಂಗಳದ ಲೆಕ್ಕವೂ ಒಂದೇ ಆಗುವುದಿಲ್ಲ.

ನನ್ನ ಆಯ್ಕೆ ಕ್ಯಾನ್. ಮರ, ಮಾಡಿನಿಂದ ಅವುಗಳ ಎತ್ತರದ ಎರಡರಷ್ಟು ದೂರ ಇಟ್ಟು, ಹವಾಮಾನ ಇಲಾಖೆಯ ಹಾಗೆ ಬೆಳಗ್ಗೆ 8.30ಕ್ಕೆ ಅಳೆಯುತ್ತೇನೆ. ಬಾಟಲಿಯನ್ನೂ ಎಸೆದಿಲ್ಲ, ಕ್ಯಾನಿನ ಮೇಲೆ ಕಣ್ಣಿಡಲು ಪಕ್ಕದಲ್ಲೇ ಇದೆ.