ನಿದ್ದೆಯಲ್ಲಿರುವಾಗ ಅಮೆರಿಕದ ಮಾರ್ಕೆಟ್: ಸ್ಟಾಪ್ ಹತ್ತಿರ ಇಡಬೇಕೋ, ದೂರವೋ?

ಬೆಂಗಳೂರಿನ ಗಡಿಯಾರದಲ್ಲಿ ಅಮೆರಿಕದ ಮಾರ್ಕೆಟ್ ಬೇಸಿಗೆಯಲ್ಲಿ ಸಂಜೆ 7ಕ್ಕೆ ತೆರೆದು ರಾತ್ರಿ 1:30ಕ್ಕೆ ಮುಚ್ಚುತ್ತದೆ, ಚಳಿಗಾಲದಲ್ಲಿ ಒಂದು ಗಂಟೆ ತಡ. 10:30ಕ್ಕೆ ಮಲಗುವವರಿಗೆ ಆಮೇಲೆ ಸ್ಟಾಪ್ ಆರ್ಡರೇ ಕಾವಲು: ಬೆಲೆ ನಾವಿಟ್ಟ ಮಟ್ಟಕ್ಕೆ ಇಳಿದರೆ ಸ್ಟಾಪ್ ಮಾರ್ಕೆಟ್ ಸಿಕ್ಕ ಬೆಲೆಗೆ ಮಾರುತ್ತದೆ, ಸ್ಟಾಪ್ ಲಿಮಿಟ್ ನಾವು ಹೇಳಿದ ಲಿಮಿಟ್‌ಗಿಂತ ಕಡಿಮೆಗೆ ಮಾರುವುದಿಲ್ಲ. ಮೂರು ಬಗೆಯಲ್ಲಿ ಇಟ್ಟು ನೋಡಿದ್ದೇನೆ: ಹತ್ತಿರದ ಸ್ಟಾಪ್ ಮಾರ್ಕೆಟ್, ಸ್ಟಾಪ್ ಲಿಮಿಟ್, ದೂರದ ಸ್ಟಾಪ್ ಮಾರ್ಕೆಟ್. ನನ್ನ ಮಟ್ಟಿಗೆ ಮೂರನೆಯದೇ ಸರಿ, ಆದರೆ ಷೇರಿನ ಸಂಖ್ಯೆ ಇಳಿಸಿಕೊಂಡರೆ ಮಾತ್ರ.

ಲೆಕ್ಕ ಹೀಗೆ. ಷೇರು 100 ಡಾಲರ್, ದಿನದ ಸರಾಸರಿ ಏರಿಳಿತ (ATR) 3 ಡಾಲರ್, ಒಂದು ವ್ಯವಹಾರದಲ್ಲಿ ಕಳೆದುಕೊಳ್ಳಲು ಸಿದ್ಧವಿರುವುದು 60 ಡಾಲರ್. ಸ್ಟಾಪ್ 97ರಲ್ಲಿಟ್ಟರೆ 20 ಷೇರು ಕೊಳ್ಳಬಹುದು. ಆದರೆ ಒಂದು ಮಾಮೂಲಿ ದಿನದ ಅಲುಗಾಟವೇ ಅಲ್ಲಿಯವರೆಗೆ ಬರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ 97ಕ್ಕೆ ಮಾರಾಟ, ಷೇರು ಮಾತ್ರ ಮತ್ತೆ 101ರಲ್ಲಿ. ATRನ ಎರಡೂವರೆ ಪಟ್ಟು ದೂರ, ಅಂದರೆ 92.50ರಲ್ಲಿಟ್ಟರೆ 8 ಷೇರು. ನಷ್ಟದ ಮಿತಿ ಅದೇ 60.

ಈಗ ಗ್ಯಾಪ್, ಅಂದರೆ ಷೇರು ಹಿಂದಿನ ದಿನ ಮುಚ್ಚಿದ ಬೆಲೆಗಿಂತ ಬಹಳ ಕೆಳಗೆ ತೆರೆಯುವುದು. ಕಂಪನಿಯ ಫಲಿತಾಂಶ ಸಾಮಾನ್ಯವಾಗಿ ಮಾರ್ಕೆಟ್ ಮುಚ್ಚಿದ ಮೇಲೋ, ತೆರೆಯುವ ಮೊದಲೋ ಬರುತ್ತದೆ. ಆ ಹೊತ್ತಿನಲ್ಲಿ ಮಾಮೂಲಿ ಸ್ಟಾಪ್ ಆರ್ಡರ್ ಅಲುಗಾಡುವುದಿಲ್ಲ. ಷೇರು ನೇರವಾಗಿ 88ಕ್ಕೆ ತೆರೆದರೆ ಸ್ಟಾಪ್ ಎಲ್ಲಿದ್ದರೂ ಸುಮಾರು 88ಕ್ಕೇ ಮಾರಾಟ: 20 ಷೇರಿಗೆ 240 ಡಾಲರ್ ನಷ್ಟ, 8 ಷೇರಿಗೆ 96. ಗ್ಯಾಪ್‌ನಿಂದ ಕಾಪಾಡುವುದು ಷೇರಿನ ಸಂಖ್ಯೆ, ಸ್ಟಾಪ್ ಅಲ್ಲ. ಅದಕ್ಕೇ ಇನ್ನೊಂದು ಲೆಕ್ಕವನ್ನೂ ಹಾಕುತ್ತೇನೆ: ಶೇ. 12 ಗ್ಯಾಪ್ ಬಿದ್ದರೂ ನಷ್ಟ 120 ದಾಟಬಾರದು ಎಂದರೆ 10 ಷೇರು. ಎರಡರಲ್ಲಿ ಚಿಕ್ಕದು 8, ಅಷ್ಟೇ ಕೊಳ್ಳುವುದು.

ಸ್ಟಾಪ್ ಲಿಮಿಟ್ ಮೇಲ್ನೋಟಕ್ಕೆ ಜಾಣತನ. ಟ್ರಿಗರ್ 97, ಲಿಮಿಟ್ 96 ಎಂದಿಟ್ಟಾಗ ಷೇರು 88ಕ್ಕೆ ತೆರೆದರೆ ಟ್ರಿಗರ್ ಆಗುತ್ತದೆ, 96ಕ್ಕೆ ಕೊಳ್ಳುವವರು ಸಿಗುವುದಿಲ್ಲ. ಆರ್ಡರ್ ತೆರೆದೇ ಕೂತಿರುತ್ತದೆ, ಷೇರು ಕೈಯಲ್ಲೇ ಉಳಿದು 82ಕ್ಕೆ ಜಾರಬಹುದು. ಎಚ್ಚರವಿದ್ದರೆ ಲಿಮಿಟ್ ಇಳಿಸಬಹುದು, ನಿದ್ದೆಯಲ್ಲಿದ್ದರೆ ಯಾರು ಇಳಿಸಬೇಕು? ಇದಕ್ಕೆ ಹೊರತೂ ಇದೆ. 2015ರ ಆಗಸ್ಟ್ 24ರಂದು ಮಾರ್ಕೆಟ್ ತೆರೆದ ಕೆಲವೇ ನಿಮಿಷಗಳಲ್ಲಿ ಹಲವು ಇಟಿಎಫ್‌ಗಳು ತಮ್ಮ ಒಳಗಿನ ಷೇರುಗಳ ಮೌಲ್ಯಕ್ಕಿಂತ ಬಹಳ ಕೆಳಗೆ ಬಿದ್ದು ಮತ್ತೆ ಏರಿದವು. ಸ್ಟಾಪ್ ಮಾರ್ಕೆಟ್ ಇಟ್ಟವರು ತಳದಲ್ಲಿ ಮಾರಿಕೊಂಡರು. ಆದ್ದರಿಂದ ವಿಶಾಲ ಇಟಿಎಫ್‌ಗೆ ಅಗಲವಾದ ಲಿಮಿಟ್ ಸರಿ, ಬಿಡಿ ಷೇರಿಗೆ ಬೇಡ.

ಆರ್ಡರ್ ಹಾಕುವಾಗ ಅವಧಿ GTC ಇರಲಿ, ಅಂದರೆ ನೀವೇ ರದ್ದುಮಾಡುವವರೆಗೆ ಉಳಿಯುವಂಥದ್ದು. Day ಎಂದಿದ್ದರೆ ಮುಚ್ಚುವ ಹೊತ್ತಿಗೆ ತಾನೇ ರದ್ದಾಗಿ, ಮರುದಿನ ಷೇರಿಗೆ ಕಾವಲೇ ಇರುವುದಿಲ್ಲ. ಲಾಭದ ಗುರಿಯನ್ನೂ ಇಡುವುದಾದರೆ OCOದಲ್ಲಿ ಜೋಡಿಸಿ: ಒಂದು ಪೂರೈಸಿದ ಕೂಡಲೇ ಇನ್ನೊಂದು ರದ್ದಾಗಬೇಕು.

ಫಲಿತಾಂಶದ ಹಿಂದಿನ ಸಂಜೆ ನಾನು ಅರ್ಧ ಷೇರು ಮಾರುತ್ತೇನೆ. 8 ಇದ್ದದ್ದು 4 ಆದರೆ, 88ಕ್ಕೆ ತೆರೆದರೂ ಆ ನಾಲ್ಕರ ನಷ್ಟ 48 ಡಾಲರ್.